ಕೇರಳ ಲಾಟರಿ ಆನ್‌ಲೈನಲ್ಲಿ ತಗೊಂಡಿದ್ದಕ್ಕೆ 5 ಲಕ್ಷ ಹೊಡೆದಿದೆ ಅಂತಿದಾರೆ, ಅಸಲಿನಾ ನಕಲಿನಾ ಹೇಗೆ ನೋಡೋದು?

ಹಾಸನದ ಹುಡುಗ

ಎಲ್ರಿಗೂ ನಮಸ್ಕಾರ, ಅರ್ಜೆಂಟ್ ಇದೆ ಗೊತ್ತಿರೋರು ಸ್ವಲ್ಪ ಹೇಳಿ. ನಮ್ಮ ಸೋದರಮಾವ ಫೇಸ್‌ಬುಕ್‌ನಲ್ಲಿ ಬಂದ ಆಡ್ ನೋಡಿ ಕೇರಳ ಲಾಟರಿ ಟಿಕೆಟ್ ತಗೊಂಡಿದಾರೆ, ವಾಟ್ಸಾಪಲ್ಲಿ ಮೆಸೇಜ್ ಮಾಡಿದ್ರೆ ಯುಪಿಐ ಕ್ಯೂಆರ್ ಕಳಿಸ್ತಾರೆ, ದುಡ್ಡು ಹಾಕಿದ್ಮೇಲೆ ಟಿಕೆಟ್ ಫೋಟೋ ಬರುತ್ತೆ. ಪೇಪರ್ ಟಿಕೆಟ್ ಎಲ್ಲಿ ಅಂದ್ರೆ "ನಮ್ಮ ಆಫೀಸಲ್ಲೇ ಸೇಫಾಗಿರುತ್ತೆ ಸಾರ್, ಕೊರಿಯರ್‌ನಲ್ಲಿ ಕಳೆದುಹೋದ್ರೆ ಕಷ್ಟ" ಅಂದ್ರಂತೆ. ಈಗ ನಿಮ್ಮ ಟಿಕೆಟ್ಟಿನ ಲಾಸ್ಟ್ ನಾಲ್ಕು ನಂಬರ್ ಮ್ಯಾಚ್ ಆಗಿದೆ, 5 ಲಕ್ಷ ಬಂದಿದೆ ಅಂತ ರಿಸಲ್ಟ್ ಶೀಟ್ ಕಳಿಸಿದಾರೆ, ಅದ್ರಲ್ಲಿ ಕೇರಳ ಸರ್ಕಾರದ ಲಾಂಛನ, ಸೀಲು, ಸಹಿ ಎಲ್ಲಾ ಇದೆ. ಮೊದಲು ಜಿಎಸ್‌ಟಿ ಅಂತ 6,800 ತಗೊಂಡ್ರು, ಈಗ 30 ಪರ್ಸೆಂಟ್ ಟ್ಯಾಕ್ಸ್ 1,50,000 ಕಟ್ಟಿದ್ರೆ ಮಾತ್ರ ದುಡ್ಡು ರಿಲೀಸ್ ಅಂತಿದಾರೆ. ಮಾವ ಅತ್ತೆ ಒಡವೆ ಅಡ ಇಡೋಕೆ ಓಡಾಡ್ತಿದಾರೆ. ನನಗೇನೋ ಡೌಟು, ಆದ್ರೆ ಟಿಕೆಟ್ ಫೋಟೋ ನೋಡಿದ್ರೆ ಪಕ್ಕಾ ಒರಿಜಿನಲ್ ತರ ಇದೆ, ಲಾಟರಿ ಹೆಸರು ಕಾರುಣ್ಯ ಅಂತ ಇದೆ.

ಮಂಡ್ಯ ಗೌಡ್ರು

ಡೌಟ್ ಪಡಬೇಡ ಕಣಪ್ಪ, ಕೇರಳ ಲಾಟರಿ ಗೌರ್ಮೆಂಟಿಂದು, ಸುಳ್ಳಿಲ್ಲ. 2024ರಲ್ಲಿ ನಮ್ಮ ಪಾಂಡವಪುರದ ಮೆಕ್ಯಾನಿಕ್‌ಗೆ ಓಣಂ ಬಂಪರ್ 25 ಕೋಟಿ ಹೊಡೀಲಿಲ್ವಾ? ಅವ್ರೂ ಆನ್‌ಲೈನಲ್ಲೇ ತಗೊಂಡಿದ್ದು. ಟ್ಯಾಕ್ಸ್ 30 ಪರ್ಸೆಂಟ್ ಇರೋದೂ ನಿಜಾನೆ ಅಲ್ವಾ ಮತ್ತೆ.

ಮಂಜೇಶ್ವರದ ಭಟ್ರು

ಹಾಸನದವರೇ, ಮೊದಲು ಮಾವನನ್ನು ಹಿಡಿದು ಕೂರಿಸಿ, ಒಂದು ರೂಪಾಯಿಯೂ ಹಾಕ್ಲಿಕ್ಕೆ ಬಿಡ್ಬೇಡಿ. ಆಮೇಲೆ ಉಳಿದದ್ದು ಮಾತಾಡುವ.

ನಾನು ಗಡಿಯ ಈಚೆ ಕಾಸರಗೋಡು ಜಿಲ್ಲೆಯವ, ನಮ್ಮ ಅಣ್ಣನಿಗೆ ಲಾಟರಿ ಏಜೆನ್ಸಿ ಉಂಟು, ಸಂಜೆ ಹೊತ್ತು ನಾನೂ ಕೌಂಟರಲ್ಲಿ ಕೂರ್ತೇನೆ. ಗೌಡ್ರೇ, ಪಾಂಡವಪುರದವರು ಆನ್‌ಲೈನಲ್ಲಿ ತಗೊಂಡದ್ದಲ್ಲ, ವಯನಾಡಿನ ಸುಲ್ತಾನ್ ಬತ್ತೇರಿಯ ಅಂಗಡಿಯಿಂದ ತಗೊಂಡ ಪೇಪರ್ ಟಿಕೆಟ್ ಅದು, ಆ ಪೇಪರ್ ಅವರ ಕೈಯಲ್ಲಿ ಇತ್ತು, ಅದಕ್ಕೇ ಹಣ ಸಿಕ್ಕಿದ್ದು. ಕೇರಳ ಲಾಟರಿಗೆ ಆನ್‌ಲೈನ್ ಮಾರಾಟ ಅಂತ ಒಂದು ಇಲ್ಲವೇ ಇಲ್ಲ. ಟಿಕೆಟ್ ಮಾರುವ ಆ್ಯಪೂ ಇಲ್ಲ, ವೆಬ್‌ಸೈಟಲ್ಲಿ ಟಿಕೆಟೂ ಇಲ್ಲ, ಪೇಪರ್ ಟಿಕೆಟ್ ಮಾತ್ರ, ಅದೂ ಕೇರಳದ ಒಳಗೆ. ಇಲಾಖೆಯವರು ಇದನ್ನು ಎಷ್ಟೋ ಸಲ ಪ್ರಕಟಣೆ ಕೊಟ್ಟು ಹೇಳಿದ್ದಾರೆ.

ಒಂದು ಕೆಲಸ ಮಾಡಿ, ಫೋಟೋದಲ್ಲಿ ಡ್ರಾ ದಿನಾಂಕ ಎಷ್ಟು ಅಂತ ಉಂಟು ನೋಡಿ. ಅದು ಯಾವ ವಾರ ಬರ್ತದೆ ಕ್ಯಾಲೆಂಡರಲ್ಲಿ ನೋಡಿ ಹೇಳಿ.

ಹಾಸನದ ಹುಡುಗ

ಭಟ್ರೆ ಈಗ ನೋಡಿದೆ, ಬುಧವಾರ ಬರುತ್ತೆ. ಯಾಕೆ?

ಮಂಜೇಶ್ವರದ ಭಟ್ರು

ಸಿಕ್ಕಿತಲ್ಲ ಮಾರಾಯ್ರೆ. ಕಾರುಣ್ಯ ಶನಿವಾರದ ಲಾಟರಿ. ಕೇರಳದಲ್ಲಿ ದಿನಾ ಮಧ್ಯಾಹ್ನ 3 ಗಂಟೆಗೆ ತಿರುವನಂತಪುರದಲ್ಲಿ ಡ್ರಾ ಉಂಟು, ಆದ್ರೆ ಒಂದೊಂದು ವಾರಕ್ಕೆ ಒಂದೊಂದು ಹೆಸರು. ಸೋಮವಾರ ಭಾಗ್ಯತಾರ, ಮಂಗಳವಾರ ಸ್ತ್ರೀಶಕ್ತಿ, ಬುಧವಾರ ಧನಲಕ್ಷ್ಮಿ, ಗುರುವಾರ ಕಾರುಣ್ಯ ಪ್ಲಸ್, ಶುಕ್ರವಾರ ಸುವರ್ಣ ಕೇರಳಂ, ಶನಿವಾರ ಕಾರುಣ್ಯ, ಭಾನುವಾರ ಸಮೃದ್ಧಿ. 2025ರ ಮೇ ತಿಂಗಳಲ್ಲಿ ನಾಲ್ಕು ಹೆಸರು ಬದಲಾಯ್ತು, ಮೊದಲು ವಿನ್ ವಿನ್, ಫಿಫ್ಟಿ ಫಿಫ್ಟಿ, ನಿರ್ಮಲ್, ಅಕ್ಷಯ ಅಂತ ಇತ್ತು, ಟಿಕೆಟಿಗೆ 40 ಇದ್ದದ್ದು 50 ಆಯ್ತು. ಇದು ಯಾಕೆ ಹೇಳ್ತೇನೆ ಅಂದ್ರೆ ಈ ಕಳ್ಳರು ಹಳೇ ಟಿಕೆಟಿನ ಫೋಟೋ ಎಲ್ಲಿಂದಲೋ ಎತ್ತಿ ದಿನಾಂಕ ಒಂದು ಅಳಿಸಿ ಬೇರೆ ಬರೀತಾರೆ, ವಾರ ನೋಡುವಷ್ಟು ವ್ಯವಧಾನ ಅವರಿಗೆ ಇರುವುದಿಲ್ಲ. ಈಗಲೂ ನಿರ್ಮಲ್ ಟಿಕೆಟ್ ಉಂಟು ಅಂತ ಯಾರಾದ್ರೂ ಮಾರ್ತಾ ಇದ್ರೆ ನಗಾಡಿ ಕಟ್ ಮಾಡಿ.

ಎರಡನೇದು, ನಾಲ್ಕು ನಂಬರ್ ಕೂಡಿದ್ದಕ್ಕೆ 5 ಲಕ್ಷ ಅಂದ್ರಲ್ಲ, ವಾರದ ಲಾಟರಿಯಲ್ಲಿ ಅದು ಆಗುವ ಮಾತೇ ಅಲ್ಲ. ಲಕ್ಷದ ಪ್ರೈಜಿಗೆಲ್ಲ ಸೀರೀಸಿನ ಎರಡು ಅಕ್ಷರ ಮತ್ತೆ ಆರು ಅಂಕಿ ಪೂರ್ತಿ ಕೂಡಬೇಕು. ಕೊನೇ ನಾಲ್ಕು ಅಂಕಿಗೆ ಬರುವುದು 5,000 ಮತ್ತೆ ಅದರ ಕೆಳಗಿನದ್ದು, 2,000, 1,000, 500 ಹಾಗೆ. ನಮ್ಮ ಅಂಗಡಿಗೆ ಬರುವವರಿಗೆ ಇದು ಬಾಯಿಪಾಠ, ಅವರು ಮೊದಲು ಶೀಟಿನ ಅಡಿಯಿಂದ ನೋಡ್ಲಿಕ್ಕೆ ಶುರು ಮಾಡುವುದು. ದೂರದವರಿಗೆ ಗೊತ್ತಿರುವುದಿಲ್ಲ, ಅದಕ್ಕೇ ಇವರು ಹಾಸನ, ತುಮಕೂರು ಅಂತ ದೂರದವರನ್ನೇ ಹುಡುಕುವುದು.

ಲೆಕ್ಕದ ಪುಸ್ತಕ

ಟ್ಯಾಕ್ಸ್ ವಿಷಯ ನಾನು ಹೇಳ್ತೀನಿ, ಗೌಡ್ರು 30 ಪರ್ಸೆಂಟ್ ನಿಜ ಅಂದಿದ್ದು ಅರ್ಧ ಸರಿ. ಲಾಟರಿ ಗೆದ್ದ ದುಡ್ಡಿಗೆ 30 ಪರ್ಸೆಂಟ್ ಟಿಡಿಎಸ್ ಇದೆ, ಆದ್ರೆ ಟಿಡಿಎಸ್ ಅಂದ್ರೇನೇ ಕೊಡೋರು ಮುರ್ಕೊಂಡು ಉಳಿದಿದ್ದನ್ನ ಕೊಡೋದು. ಗೆದ್ದೋನು ತನ್ನ ಜೇಬಿಂದ ಮೊದಲು ಹಾಕೋ ಪದ್ಧತಿ ಯಾವ ಸರ್ಕಾರಿ ಲಾಟರಿಯಲ್ಲೂ ಇಲ್ಲ. ಆ 25 ಕೋಟಿ ಲೆಕ್ಕಾನೇ ತಗೊಳಿ, ಮೊದಲು ಏಜೆಂಟ್ ಕಮಿಷನ್ 10 ಪರ್ಸೆಂಟ್ ಅಂದ್ರೆ ಎರಡೂವರೆ ಕೋಟಿ ಹೋಯ್ತು, ಉಳಿದ 22.5 ಕೋಟಿಯಲ್ಲಿ 30 ಪರ್ಸೆಂಟ್ 6.75 ಕೋಟಿ ಹೋಯ್ತು, 15.75 ಕೋಟಿ ಆಯ್ತು, ಅದರ ಮೇಲೆ ಸರ್‌ಚಾರ್ಜು ಸೆಸ್ಸು ಬೇರೆ. ಎಲ್ಲಾ ಅದೇ ದುಡ್ಡಿಂದ ಹೋಗೋದೇ ಹೊರತು ಅಷ್ಟು ಕೋಟಿ ಮೊದಲು ಕಟ್ಟು ಅಂತ ಯಾರೂ ಕೇಳಲ್ಲ, ಕೇಳಿದ್ರೆ ಆ ಮೆಕ್ಯಾನಿಕ್ ಎಲ್ಲಿಂದ ತರ್ತಿದ್ರು ಪಾಪ.

ಇನ್ನು ಜಿಎಸ್‌ಟಿ ಅನ್ನೋದು ಟಿಕೆಟ್ ಮೇಲೆ ಇರೋದು, ಪ್ರೈಜ್ ಮೇಲಲ್ಲ. ಮೊದಲು 28 ಪರ್ಸೆಂಟ್ ಇತ್ತು, 2025ರ ಸೆಪ್ಟೆಂಬರ್‌ನಿಂದ 40 ಆಗಿದೆ, ಆ 50 ರೂಪಾಯಿಯಲ್ಲೇ ಅದು ಸೇರಿರುತ್ತೆ. ಪ್ರೈಜ್ ಕೊಡೋಕೆ ಜಿಎಸ್‌ಟಿ ಕಟ್ಟಿ ಅಂದ ತಕ್ಷಣ ಮುಗೀತು, ಇನ್ನೇನೂ ಚೆಕ್ ಮಾಡೋ ಅಗತ್ಯಾನೇ ಇಲ್ಲ.

ಹುಬ್ಬಳ್ಳಿ ಮಂದಿ

ಅದೆಲ್ಲಾ ಖರೆ ಐತ್ರೀ, ಆದ್ರ ಟಿಕೆಟ್ ಮ್ಯಾಲೆ ಕ್ಯೂಆರ್ ಕೋಡ್ ಇರ್ತದಲ್ರೀ, ಅದನ್ನ ಸ್ಕ್ಯಾನ್ ಮಾಡಿದ್ರ ಅಸಲಿನೋ ನಕಲಿನೋ ಗೊತ್ತಾಗ್ತದ. ನಾ ಒಬ್ಬ ಏಜೆಂಟನ ಕಡೆ ಫೋನ್ ಮ್ಯಾಲೇ ತಗೊಳ್ತೀನಿ, ಪ್ರತಿ ಸಲ ಫೋಟೋದಾಗಿನ ಕ್ಯೂಆರ್ ಸ್ಕ್ಯಾನ್ ಮಾಡೇ ದುಡ್ಡು ಹಾಕೋದು. ಇಲ್ಲೀತನಕ ಏನೂ ತ್ರಾಸ ಆಗಿಲ್ಲ. ಎರಡು ಸಲ ಸಣ್ಣ ಪ್ರೈಜ್ ಸುದ್ದಾ ಕಳಿಸ್ಯಾನ.

ಮಂಜೇಶ್ವರದ ಭಟ್ರು

ಹುಬ್ಬಳ್ಳಿಯವರೇ, ಕ್ಯೂಆರ್ ಸರಿ ಇದ್ರೆ ಅಂಥದ್ದೊಂದು ಟಿಕೆಟ್ ಲೋಕದಲ್ಲಿ ಉಂಟು ಅಂತ ಆಯ್ತು, ಅಷ್ಟೇ. ಅದು ನಿಮ್ಮದು ಅಂತ ಆಗ್ಲಿಲ್ಲ. ಒಂದು ಟಿಕೆಟ್ ಇಟ್ಕೊಂಡು ಅದರ ಫೋಟೋ ಇಪ್ಪತ್ತು ಜನಕ್ಕೆ ಕಳಿಸಿ ಇಪ್ಪತ್ತು ಜನರ ಹಣ ತಗೊಂಡ್ರೆ ನಿಮಗೆ ಹೇಗೆ ಗೊತ್ತಾಗ್ತದೆ? ಎಲ್ಲರಿಗೂ ಕ್ಯೂಆರ್ ಸರಿಯಾಗಿಯೇ ತೋರಿಸ್ತದೆ. 500 ರೂಪಾಯಿ ಪ್ರೈಜ್ ಬಂದ್ರೆ ಇಪ್ಪತ್ತು ಜನಕ್ಕೂ ಕೊಟ್ಟು ನಂಬಿಕೆ ಗಳಿಸ್ತಾನೆ, ದೊಡ್ಡದು ಬಂದ ದಿನ ನಂಬರ್ ಸ್ವಿಚ್ ಆಫ್.

ಪೇಪರ್ ಲಾಟರಿಯಲ್ಲಿ ನಿಮ್ಮ ಹೆಸರು ಎಲ್ಲಿಯೂ ದಾಖಲಾಗುವುದಿಲ್ಲ, ಯಾರ ಕೈಯಲ್ಲಿ ಪೇಪರ್ ಉಂಟೋ ಅವ ಅದರ ಹಿಂದೆ ಹೆಸರು ವಿಳಾಸ ಬರೆದು ಸಹಿ ಹಾಕಿ ಒಪ್ಪಿಸಿದ್ರೆ ಹಣ ಅವನದ್ದು. ಅದಕ್ಕೇ ನಾವು ಗಿರಾಕಿಗಳಿಗೆ ಹೇಳುವುದು, ತಗೊಂಡ ಕೂಡ್ಲೇ ಹಿಂದೆ ಸಹಿ ಹಾಕಿ ಇಡಿ ಅಂತ. ಫೋಟೋ ಹಿಡ್ಕೊಂಡು ಹೋದ್ರೆ ಲಾಟರಿ ಆಫೀಸಲ್ಲಿ ಒಳಗೂ ಬಿಡುವುದಿಲ್ಲ.

ಹುಬ್ಬಳ್ಳಿ ಮಂದಿ

ಎಲ್ಲಾರೂ ಹಂಗ ಇರಂಗಿಲ್ಲ ಬಿಡ್ರಿ. ಕೇರಳದಾಗ ಒಬ್ಬ ಹೆಣ್ಣಮಗಳು ಫೋನ್ ಮ್ಯಾಲೆ ಹೇಳಿದ ಟಿಕೆಟ್ಟಿಗೆ 6 ಕೋಟಿ ಬಂದ್ರೂ ಮನಿಗೇ ಒಯ್ದು ಕೊಟ್ಟಳು ಅಂತ ಪೇಪರ್ನಾಗ ಬಂದಿತ್ತಲ್ಲ.

ಮಂಜೇಶ್ವರದ ಭಟ್ರು

ಹೌದು, 2021ರ ಸಮ್ಮರ್ ಬಂಪರ್, ಆಲುವಾ ಕಡೆಯವರು. ಗಿರಾಕಿ ಫೋನಲ್ಲಿ ಒಂದು ಟಿಕೆಟ್ ತೆಗೆದಿಡಿ ಅಂದದ್ದು, 200 ರೂಪಾಯಿ ಇನ್ನೂ ಕೊಟ್ಟಿರ್ಲಿಲ್ಲ, ಅದಕ್ಕೇ 6 ಕೋಟಿ ಬಂತು, ಆ ಹೆಂಗಸು ಟಿಕೆಟ್ ತಗೊಂಡು ಅವರ ಮನೆಗೆ ಹೋಗಿ ಕೊಟ್ಟು 200 ಈಸ್ಕೊಂಡು ಬಂದ್ರು. ಆದ್ರೆ ಅದು ಯಾಕೆ ಅಷ್ಟು ದೊಡ್ಡ ಸುದ್ದಿ ಆಯ್ತು ಯೋಚನೆ ಮಾಡಿ. ಅವರು ಕೊಡದೇ ಇದ್ದಿದ್ರೆ ಆ ಗಿರಾಕಿ ಏನೂ ಮಾಡ್ಲಿಕ್ಕೆ ಆಗ್ತಿರ್ಲಿಲ್ಲ. ಅಲ್ಲಿಯಾದ್ರೂ ದಿನಾ ಮುಖ ನೋಡುವವರು, ನಿಮ್ಮ ಏಜೆಂಟನ ಮುಖ ನೀವು ನೋಡಿದ್ದೀರಾ?

ಹುಬ್ಬಳ್ಳಿ ಮಂದಿ

ಇಲ್ರೀ ಡಿಪಿಯೊಳಗ ಗುರುವಾಯೂರ್ ಕೃಷ್ಣನ ಫೋಟೋ ಐತಿ.

ಬೆಳ್ಳಂದೂರು ಸೀನ

😂😂

ಅದೃಷ್ಟ ಸಂಖ್ಯೆ 7

ಫ್ರೆಂಡ್ಸ್ ನಾಳೆ ಫಸ್ಟ್ ಪ್ರೈಜ್ ಲಾಸ್ಟ್ ಮೂರು ನಂಬರ್ ಗೆಸ್ಸಿಂಗ್ ಯಾರ ಹತ್ರ ಇದೆ? ನಮ್ಮ ಕಡೆ ಒಬ್ರು ಬರ್ಕೊಳ್ತಾರೆ ಒಂದಕ್ಕೆ ಇಷ್ಟು ಅಂತ ಕೊಡ್ತಾರೆ, ಕೇರಳ ಗೌರ್ಮೆಂಟ್ ರಿಸಲ್ಟೇ ನೋಡೋದ್ರಿಂದ ಮೋಸ ಇಲ್ಲ.

ಮಂಜೇಶ್ವರದ ಭಟ್ರು

ಅಯ್ಯೋ ದೇವರೇ, ಇಲ್ಲಿ ನಡೀತಾ ಇರುವ ಮಾತೇ ಬೇರೆ. ಆದ್ರೂ ಕೇಳಿದ್ದು ಒಳ್ಳೇದಾಯ್ತು. ನೀವು ಹೇಳಿದ್ದಕ್ಕೆ ಕೇರಳದಲ್ಲಿ ಎಳುತ್ತು ಲಾಟರಿ ಅಂತಾರೆ, ಚೀಟಿಯಲ್ಲಿ ಬರ್ಕೊಳ್ಳುವ ಮೂರಂಕಿ ಆಟ, ಸಿಕ್ಕಿಬಿದ್ದವರನ್ನು ಪೊಲೀಸರು ಎತ್ತಿ ಹಾಕ್ತಾರೆ. ಡ್ರಾ ಸರ್ಕಾರದ್ದೇ, ಅದರಲ್ಲಿ ಮೋಸ ಇಲ್ಲ, ನಿಜ. ಆದ್ರೆ ನೀವು ಆ ಡ್ರಾದ ಒಳಗೆ ಇಲ್ಲವೇ ಇಲ್ಲ, ನಿಮ್ಮ ಹಣ ಆ ಬರ್ಕೊಳ್ಳುವವನ ಕಿಸೆಯಲ್ಲಿ. ಅವ ಕೊಟ್ರೆ ಉಂಟು, ಇಲ್ಲದಿದ್ರೆ ಇಲ್ಲ. ಗೆಸ್ಸಿಂಗ್ ಕೊಡ್ತೇವೆ ಅಂತ ಹಣ ಕೇಳುವ ಗ್ರೂಪ್ ಇನ್ನೊಂದು ಉಂಟು, ಅದರ ಬಗ್ಗೆ ಹೇಳದಿರುವುದೇ ಲೇಸು.

ಮಂಡ್ಯ ಗೌಡ್ರು

ಒಂದಂಕಿ ಲಾಟರಿ ತರಾನೆ ಇದು. 2015ರಲ್ಲಿ ಕೆಜಿಎಫ್ ಕಡೆಯಿಂದ ಎದ್ದು ದೊಡ್ಡ ದೊಡ್ಡ ಪೊಲೀಸ್ ಆಫೀಸರ್‌ಗಳ ಹೆಸ್ರೆಲ್ಲಾ ಬಂದಿತ್ತಲ್ಲ, ಹಗರಣ ಆಗೋಯ್ತಲ್ಲ. ನಮ್ಮಲ್ಲಿ 2007ರಿಂದ ಲಾಟರಿನೇ ಬ್ಯಾನು, ಅದಕ್ಕೇ ಜನ ಹಿಂಗೆಲ್ಲಾ ಹುಡುಕ್ಕೊಂಡ್ ಹೋಗೋದು. ಬ್ಯಾನ್ ಮಾಡಿ ಏನ್ ಸಾಧಿಸಿದ್ರೋ.

ಬೆಳ್ಳಂದೂರು ಸೀನ

ಬ್ಯಾನ್ ಮಾಡಿದ್ದು ಸರಿನೇ ಗೌಡ್ರೆ, ಆವಾಗ ಬಸ್‌ಸ್ಟ್ಯಾಂಡ್ ಪಕ್ಕ ಕೂಲಿ ದುಡ್ಡೆಲ್ಲಾ ಅಲ್ಲೇ ಹಾಕಿ ಮನೆಗೆ ಬರಿಗೈಲಿ ಹೋಗ್ತಿದ್ದೋರನ್ನ ನೋಡಿದೀನಿ. ಅದಿರಲಿ ನನ್ನ ಡೌಟು ಬೇರೆ, ಅಮೆರಿಕದ ಪವರ್‌ಬಾಲ್ ಟಿಕೆಟ್ ಇಲ್ಲಿಂದಾನೇ ತಗೊಳ್ಳೋ ಸೈಟ್‌ಗಳಿವೆಯಲ್ಲ, ನಮ್ಮ ಪರವಾಗಿ ಅಲ್ಲಿ ತಗೊಂಡು ಸ್ಕ್ಯಾನ್ ಮಾಡಿ ಹಾಕ್ತೀವಿ ಅಂತಾರೆ, ಅವು ಹೇಗೆ?

ಲೆಕ್ಕದ ಪುಸ್ತಕ

ಅದ್ರಲ್ಲಿ ಎರಡು ಜಾತಿ ಇದೆ ಸೀನ. ಒಂದು ನಿಜವಾಗ್ಲೂ ಅಲ್ಲಿ ಅಂಗಡಿಯಿಂದ ಟಿಕೆಟ್ ತಗೊಂಡು ಸರ್ವಿಸ್ ಚಾರ್ಜ್ ಹಾಕೋರು, ಇನ್ನೊಂದು ಟಿಕೆಟ್ಟೇ ತಗೊಳ್ದೆ ಆ ಡ್ರಾ ರಿಸಲ್ಟ್ ಮೇಲೆ ನಿಮ್ಮ ಹತ್ರ ಬೆಟ್ ಕಟ್ಟಿಸ್ಕೊಳ್ಳೋರು. ಎರಡನೇದು ಮೇಲೆ ಹೇಳಿದ ಮೂರಂಕಿ ಆಟಕ್ಕಿಂತ ಬೇರೆ ಏನಲ್ಲ, ಸೈಟ್ ಚೆನ್ನಾಗಿರುತ್ತೆ ಅಷ್ಟೇ. ಯಾವುದು ಯಾವುದು ಅಂತ ಅವರ ನಿಯಮಗಳ ಪುಟ ಪೂರ್ತಿ ಓದಿದ್ರೆ ಗೊತ್ತಾಗುತ್ತೆ, "ಟಿಕೆಟ್" ಅನ್ನೋ ಜಾಗದಲ್ಲೆಲ್ಲಾ "ಬೆಟ್" ಅಂತ ಬರೆದಿರ್ತಾರೆ.

ಆದ್ರೆ ಇಂಡಿಯಾದಲ್ಲಿ ಕೂತು ತಗೊಳ್ಳೋರಿಗೆ ಅದು ಯಾವ ಜಾತಿ ಆದ್ರೂ ಒಂದೇ, ಯಾಕಂದ್ರೆ ವಿದೇಶಿ ವಿನಿಮಯದ ಫೆಮಾ ಕಾಯ್ದೆ ಕೆಳಗೆ 2000ನೇ ಇಸವಿಯ ರೂಲ್ಸ್ ಪ್ರಕಾರ ಲಾಟರಿ ಟಿಕೆಟ್ ತಗೊಳ್ಳೋಕೆ ಹೊರದೇಶಕ್ಕೆ ದುಡ್ಡು ಕಳಿಸೋದೇ ನಿಷೇಧ. ಕಾರ್ಡಲ್ಲಿ ಪೇಮೆಂಟ್ ಹೋಯ್ತು ಅಂದ ಮಾತ್ರಕ್ಕೆ ಲೀಗಲ್ ಅಂತಲ್ಲ. ಗೆದ್ದ ದಿನ ಬ್ಯಾಂಕಿಗೆ ಏನ್ ಅಂತ ಹೇಳ್ತೀರಾ?

ದುಬೈ ವಾಸಿ ಕರಾವಳಿ

ನಾವು ಇಲ್ಲಿ ಅಬುಧಾಬಿ ಬಿಗ್ ಟಿಕೆಟ್ ತಗೊಳ್ತೇವೆ, ರೂಮಿನ ಹತ್ತು ಜನ ಸೇರಿ. ಅದು ಆನ್‌ಲೈನಲ್ಲಿ ಸಿಗ್ತದೆ, ಮೋಸ ಇಲ್ಲ. ಆನ್‌ಲೈನ್ ಲಾಟರಿ ಎಲ್ಲಾ ಕಳ್ಳ ಅಂತ ಹೇಳುವುದು ತಪ್ಪು.

ಮಂಜೇಶ್ವರದ ಭಟ್ರು

ಎಲ್ಲಾ ಕಳ್ಳ ಅಂತ ನಾನು ಹೇಳ್ಲಿಲ್ಲ, ಕೇರಳದ್ದರಲ್ಲಿ ಆನ್‌ಲೈನ್ ಇಲ್ಲ ಅಂತ ಹೇಳಿದ್ದು. ನಿಮ್ಮದರಲ್ಲಿ ಟಿಕೆಟ್ ತಗೊಳ್ಳುವಾಗಲೇ ಹೆಸರು, ಫೋನ್ ನಂಬರ್ ದಾಖಲಾಗ್ತದೆ, ಅಲ್ಲಿ ಪೇಪರ್ ಕಳೆದ್ರೂ ನಡೀತದೆ. ಆದ್ರೆ ಹತ್ತು ಜನ ಸೇರಿ ತಗೊಂಡ್ರೆ ಹೆಸರು ಯಾರದ್ದು ಹಾಕ್ತೀರಿ?

ದುಬೈ ವಾಸಿ ಕರಾವಳಿ

ನಮ್ಮ ಗಣೇಶಣ್ಣನ ಹೆಸರಲ್ಲಿ. ಎಲ್ಲರೂ ಹಣ ಹಾಕಿದ್ದು ಗ್ರೂಪಲ್ಲಿ ಸ್ಕ್ರೀನ್‌ಶಾಟ್ ಉಂಟು. ಆದ್ರೆ ಈಗೀಗ ಗ್ರೂಪಲ್ಲಿ ಗೊತ್ತಿಲ್ಲದವರೆಲ್ಲಾ ಬಂದು ಶೇರ್ ಮಾರ್ತಾ ಇದ್ದಾರೆ, ಒಂದು ಟಿಕೆಟನ್ನು ಐವತ್ತು ಪಾಲು ಮಾಡಿ. ಅದು ನಾವು ತಗೊಳ್ಳುವುದಿಲ್ಲ, ಅವ ಟಿಕೆಟ್ ತಗೊಂಡಿದ್ದಾನಾ ಇಲ್ವಾ ಯಾರಿಗೆ ಗೊತ್ತು.

ಹಾಸನದ ಹುಡುಗ

ಸಾರಿ ಮಧ್ಯೆ ಬರ್ತಿದೀನಿ. ಮಾವ ಒಪ್ತಿಲ್ಲ. "ರಿಸಲ್ಟ್ ಶೀಟಲ್ಲಿ ನನ್ನ ನಂಬರ್ ಇದೆ, ವೆಬ್‌ಸೈಟಲ್ಲೂ ತೋರಿಸಿದ್ರು" ಅಂತಾರೆ. ಅವರು ಕಳಿಸಿದ ಲಿಂಕ್ ಓಪನ್ ಮಾಡಿದ್ರೆ ನಿಜವಾಗ್ಲೂ ನಂಬರ್ ಬರ್ತಿದೆ, ಅಡ್ರೆಸ್ಸಲ್ಲಿ ಕೇರಳ, ಗವ್ ಅಂತೆಲ್ಲಾ ಇದೆ. ಏನ್ ತೋರಿಸಿ ನಂಬಿಸ್ಲಿ?

ಮಂಜೇಶ್ವರದ ಭಟ್ರು

ಅವರು ಕಳಿಸಿದ ಲಿಂಕ್ ಮುಟ್ಟಬೇಡಿ. ಅಡ್ರೆಸ್ಸಿನ ಶುರುವಿನಲ್ಲಿ ಏನಿದ್ರೂ ಲೆಕ್ಕಕ್ಕಿಲ್ಲ, https:// ಬಿಟ್ಟು ಆಮೇಲೆ ಬರುವ ಮೊದಲ ಓರೆಗೀಟಿನ ಮುಂಚೆ ಕೊನೆಗೆ ಏನು ಉಂಟು ಅದು ನೋಡಬೇಕು. ಇಲಾಖೆಯದ್ದು ಇದು, ನೀವೇ ಕೈಯಲ್ಲಿ ಟೈಪ್ ಮಾಡಿ:

```
statelottery.kerala.gov.in
```

ಅದರಲ್ಲಿ ರಿಸಲ್ಟ್ ಅಂತ ಉಂಟು, ದಿನಾಂಕ ಹುಡುಕಿ ಪಿಡಿಎಫ್ ಇಳಿಸಿ. ಮಾವನ ಎದುರೇ ಮಾಡಿ, ಅವರ ಫೋನಲ್ಲೇ. ಪಿಡಿಎಫ್‌ನ ಮೇಲೆ ಲಾಟರಿ ಹೆಸರು ಮತ್ತೆ ಡ್ರಾ ನಂಬರ್ ಇರ್ತದೆ, ಕಾರುಣ್ಯ ಆದ್ರೆ KR ಅಂತ ಶುರುವಾಗ್ತದೆ. ಟಿಕೆಟ್ ಫೋಟೋದಲ್ಲಿ ಇರುವ ಡ್ರಾ ನಂಬರೂ ಇದೂ ಒಂದೇ ಇರಬೇಕು. ನಿಮ್ಮದರಲ್ಲಿ ಆ ಬುಧವಾರಕ್ಕೆ ಕಾರುಣ್ಯ ಪಿಡಿಎಫೇ ಸಿಗುವುದಿಲ್ಲ, ಧನಲಕ್ಷ್ಮಿ ಸಿಗ್ತದೆ, ಮಾವ ಅದನ್ನು ಕಣ್ಣಾರೆ ನೋಡ್ಲಿ. ಫಲಿತಾಂಶ ಹಾಕುವ ಖಾಸಗಿ ಸೈಟುಗಳು ಸುಮಾರು ಉಂಟು, ಅವೆಲ್ಲ ಮೋಸದವು ಅಂತಲ್ಲ, ಸುಮ್ಮನೆ ನಂಬರ್ ಕಾಪಿ ಮಾಡಿ ಹಾಕ್ತಾವೆ, ಆದ್ರೆ ಅವುಗಳ ಮಧ್ಯದಲ್ಲಿ ಬರುವ ಜಾಹೀರಾತು ಒತ್ತಿಯೇ ಜನ ಈ ಹೊಂಡಕ್ಕೆ ಬೀಳುವುದು.

ಇನ್ನೊಂದು ಸುಲಭ. ಆ ಮನುಷ್ಯನಿಗೆ ಹೇಳಿ, ಹಣ ಬೇಡ, ಟಿಕೆಟ್ ಕೊಡಿ, ನಾವೇ ಕೇರಳಕ್ಕೆ ಬಂದು ಲಾಟರಿ ಆಫೀಸಲ್ಲಿ ಕೊಡ್ತೇವೆ, ನಿಮಗೆ ಅರ್ಧ ಪಾಲು ಅಂತ. ಅಸಲಿ ಟಿಕೆಟ್ ಇದ್ದವ ಎರಡೂವರೆ ಲಕ್ಷಕ್ಕೆ ಬೇಡ ಅಂತಾನಾ? ಏನು ಉತ್ತರ ಬರ್ತದೆ ನೋಡಿ.

ಲೆಕ್ಕದ ಪುಸ್ತಕ

ಅದು ಆಮೇಲೆ, ಮೊದಲು ಸೈಬರ್ ಕ್ರೈಮ್ ಹೆಲ್ಪ್‌ಲೈನ್ 1930ಕ್ಕೆ ಫೋನ್ ಮಾಡಿ, ಇಲ್ಲಾಂದ್ರೆ cybercrime.gov.in ನಲ್ಲಿ ಕಂಪ್ಲೇಂಟ್ ಹಾಕಿ. ಯುಪಿಐ ಟ್ರಾನ್ಸಾಕ್ಷನ್ ನಂಬರ್ ರೆಡಿ ಇಟ್ಕೊಳಿ. 6,800 ವಾಪಸ್ ಬರುತ್ತೋ ಇಲ್ವೋ ಹೇಳೋಕಾಗಲ್ಲ, ದುಡ್ಡು ಆ ಖಾತೆಯಿಂದ ಇನ್ನೂ ಮುಂದಕ್ಕೆ ಹೋಗಿಲ್ಲ ಅಂದ್ರೆ ಮಾತ್ರ ತಡೀತಾರೆ, ಅದಕ್ಕೇ ಬೇಗ. ಮತ್ತೆ ಮಾವ ಆಧಾರ್, ಪಾನ್ ಫೋಟೋ ಏನಾದ್ರೂ ಕಳಿಸಿದಾರಾ ಕೇಳಿ, ಕ್ಲೇಮ್ ಫಾರಂ ಅಂತ ಅದನ್ನೂ ಕೇಳ್ತಾರೆ ಇವರು.

ಹಾಸನದ ಹುಡುಗ

ಪಾಸ್‌ಬುಕ್, ಆಧಾರ್, ಪಾನ್ ಮೂರೂ ಕಳಿಸಿದಾರೆ 🤦 1930ಗೆ ಮಾಡಿದೆ, ಅಕ್ನಾಲೆಡ್ಜ್‌ಮೆಂಟ್ ನಂಬರ್ ಬಂತು. ಪಿಡಿಎಫ್ ತೋರಿಸಿದೆ, ಧನಲಕ್ಷ್ಮಿನೇ ಇತ್ತು. ಭಟ್ರು ಹೇಳಿದ ಹಾಗೆ ಅರ್ಧ ಪಾಲು ಅಂತ ಮಾವನ ಕೈಲೇ ವಾಯ್ಸ್ ಮೆಸೇಜ್ ಹಾಕಿಸ್ದೆ. "ಸಾರ್ ರೂಲ್ಸ್ ಪ್ರಕಾರ ಹೊರರಾಜ್ಯದೋರು ಆಫೀಸಿಗೆ ಬರೋ ಹಾಗಿಲ್ಲ" ಅಂತ ಬಂತು. ಇದು ನಿಜಾನಾ?

ಮಂಜೇಶ್ವರದ ಭಟ್ರು

ಶುದ್ಧ ಸುಳ್ಳು. 2023ರ ಓಣಂ ಬಂಪರ್ 25 ಕೋಟಿ ತಮಿಳುನಾಡಿನವರಿಗೆ ಬಂದದ್ದು, 2024ರದ್ದು ನಿಮ್ಮ ಕರ್ನಾಟಕಕ್ಕೆ. 5,000ದವರೆಗಿನ ಪ್ರೈಜ್ ಕೇರಳದ ಯಾವ ಲಾಟರಿ ಅಂಗಡಿಯಲ್ಲಿ ಬೇಕಾದ್ರೂ ಕೊಡ್ತಾರೆ, ಅದರ ಮೇಲಿನದ್ದಕ್ಕೆ ಟಿಕೆಟ್ ತಗೊಂಡು ಲಾಟರಿ ಆಫೀಸಿಗೆ ಅಥವಾ ಬ್ಯಾಂಕ್ ಮೂಲಕ, ಡ್ರಾ ಆದ 30 ದಿನದ ಒಳಗೆ. ಹೊರಗಿನವರಿಗೆ ಕಾಗದಪತ್ರ ಸ್ವಲ್ಪ ಜಾಸ್ತಿ ಕೇಳ್ತಾರೆ ಅಷ್ಟೇ.

ಬೆಳ್ಳಂದೂರು ಸೀನ

ಹಾಗಾದ್ರೆ ತಲಪಾಡಿ ಗಡಿ ದಾಟಿ ಟಿಕೆಟ್ ತಗೊಂಡು ಬೆಂಗಳೂರಿಗೆ ತಂದಿಟ್ಕೊಂಡ್ರೆ ತಪ್ಪಿಲ್ವಾ? ಇಲ್ಲಿ ಬ್ಯಾನ್ ಇದೆಯಲ್ಲ.

ಮಂಡ್ಯ ಗೌಡ್ರು

ಬ್ಯಾನಿರೋದು ಮಾರೋದಕ್ಕೆ ಕಣಪ್ಪ. ಜೇಬಲ್ಲಿಟ್ಕೊಂಡ್ ಬರೋದಕ್ಕೆ ಯಾರ್ ಏನ್ ಮಾಡ್ತಾರೆ.

ಲೆಕ್ಕದ ಪುಸ್ತಕ

ಅಷ್ಟು ಸಲೀಸಾಗಿ ಹೇಳ್ಬೇಡಿ ಗೌಡ್ರೆ. 1998ರ ಕೇಂದ್ರ ಕಾಯ್ದೆಯಲ್ಲಿ ಬೇರೆ ರಾಜ್ಯದ ಲಾಟರಿ ಮಾರಾಟ ತಡೆಯೋ ಅಧಿಕಾರ ರಾಜ್ಯಕ್ಕಿದೆ, ಅದು ಮಾರಾಟದ ಮಾತು, ಸರಿ. ನಿಮ್ಮದೇ ಒಂದು ಟಿಕೆಟ್ ಆದ್ರೆ ಯಾರೂ ಕೇಳಲ್ಲ ಅನ್ಸುತ್ತೆ. ಆದ್ರೆ ಊರಿನೋರಿಗೆಲ್ಲಾ ಅಂತ ಐವತ್ತು ಟಿಕೆಟ್ ಹಿಡ್ಕೊಂಡು ಬಸ್ಸಲ್ಲಿ ಬಂದ್ರೆ ಅದು ಮಾರೋಕಲ್ಲ ಅಂತ ನಂಬಿಸೋದು ನಿಮ್ಮ ತಲೆನೋವು.

ಹುಬ್ಬಳ್ಳಿ ಮಂದಿ

ಭಟ್ರ, ನಾ ನಮ್ಮ ಏಜೆಂಟಗ ಈ ವಾರದ ಟಿಕೆಟ್ ಸ್ಪೀಡ್ ಪೋಸ್ಟ್ ಮಾಡಪಾ ಅಂತ ಹೇಳೀನಿ, ಚಾರ್ಜ್ ನಾನೇ ಕೊಡ್ತೀನಿ ಅಂದೀನಿ. ನೋಡಿ ಬಿಟ್ಟಾನ, ಬ್ಲೂ ಟಿಕ್ ಬಿದ್ದೈತಿ, ಉತ್ತರಿಲ್ಲ. ಮದುವಿ ಸೀಸನ್ ಬಿಜಿ ಇರಬೇಕು.

ಮಂಜೇಶ್ವರದ ಭಟ್ರು

ಇರಬಹುದು ಮಾರಾಯ್ರೆ. ಡ್ರಾ ಆಗುವ ಮೊದಲು ಬಂದ್ರೆ ಇಲ್ಲಿ ಹೇಳಿ.